ಯಾರನ್ನು ಯಾವ ಸಾಲಿನಲ್ಲಿ ಕೂರಿಸುವುದು?

(ರಾತ್ರಿ ಶಾಲೆ ನಡೆಸಲು ಮುಂದೆ ಬಂದಿರುವ ಗಿರಣಿ ಕೆಲಸಗಾರರು ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಶಾಲೆಗೆ ಹೆಸರು ಕೊಟ್ಟವರು ಹದಿನೆಂಟು ಜನ. ಕಲಿಸಲು ಒಪ್ಪಿದವರು ಇಬ್ಬರು. ಇರುವುದು ಒಂದೇ ಕೋಣೆ, ಒಂದೇ ಕರಿಹಲಗೆ. ಈ ಹದಿನೆಂಟು ಜನರಲ್ಲಿ ಅ ಆ ಇ ಈ ಕಂಡರಿಯದವರೂ ಇರುತ್ತಾರೆ, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರೂ ಇರುತ್ತಾರೆ, ಪತ್ರಿಕೆಯ ದೊಡ್ಡಕ್ಷರ ಓದಿ ಸಣ್ಣಕ್ಷರ ಬಿಡುವವರೂ ಇರುತ್ತಾರೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಅಕಾರದಿಂದ ಆರಂಭಿಸಿದರೆ ಏನಾಗುತ್ತದೆ? ಅರ್ಧ ಓದಬಲ್ಲವನಿಗೆ ಬೇಸರ ಬಂದು ಅವನು ಬಿಡುತ್ತಾನೆ. ನಡುವಿನಿಂದ ಆರಂಭಿಸಿದರೆ ಏನೂ ಬಾರದವಳು ಎರಡು ದಿನ ತಲೆ ತಗ್ಗಿಸಿ ಕೂತು, ಮೂರನೆಯ ದಿನ ಮನೆಯಲ್ಲಿ ಕೆಲಸವಿದೆ ಎಂದು ಹೇಳಿಕಳಿಸುತ್ತಾಳೆ. ಮಕ್ಕಳಿಗಾದರೆ ಶಾಲೆ ಬಿಡಲು ಸ್ವಾತಂತ್ರ್ಯವಿಲ್ಲ. ದೊಡ್ಡವರಿಗೆ ಉಂಟು. ಹತ್ತು ತಾಸು ದುಡಿದು ಬಂದವರ ಒಂದು ಗಂಟೆಯನ್ನು ನಾವು ಹಾಳು ಮಾಡಿದರೆ ಅವರು ಮತ್ತೆ ಬರುವುದಿಲ್ಲ, ಏಕೆ ಬರಲಿಲ್ಲವೆಂದು ಹೇಳುವುದೂ ಇಲ್ಲ.

ಆದ್ದರಿಂದ ಮೊದಲ ಎರಡು ಸಂಜೆ ಪಾಠ ಬೇಡ. ಯಾರಿಗೆ ಎಲ್ಲಿಯವರೆಗೆ ಬರುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಳ್ಳೋಣ. ಅದಕ್ಕೆ ಬೇಕಾದ ಸಲಕರಣೆ ಐದು ರಟ್ಟಿನ ಚೀಟಿ, ಒಂದು ಪೆನ್ಸಿಲು, ಒಂದು ನೋಟುಪುಸ್ತಕ. ಇಷ್ಟನ್ನು ಹೇಗೆ ಸಿದ್ಧಮಾಡಬೇಕು, ಹೇಗೆ ಬಳಸಬೇಕು ಎಂಬುದೇ ಈ ಹೊತ್ತಿನ ಮಾತು.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಇದು ಪಾಸು ನಪಾಸಿನ ಪರೀಕ್ಷೆಯಲ್ಲ. ನಾಳೆ ಈ ಮನುಷ್ಯನಿಗೆ ಯಾವ ಪಾಠ ಹೇಳಬೇಕು ಎಂಬ ಒಂದೇ ಪ್ರಶ್ನೆಗೆ ಇದು ಉತ್ತರ ಕೊಡಬೇಕು. ಆ ಉತ್ತರ ಸಿಕ್ಕ ಕೂಡಲೇ ನಿಲ್ಲಿಸಬೇಕು. ಅಂಕ ಹಾಕುವುದು, ಕೆಂಪು ಮಸಿ ಬಳಸುವುದು, ಎಲ್ಲರೆದುರು ಹೆಸರು ಕೂಗಿ ಫಲಿತಾಂಶ ಹೇಳುವುದು ಕೂಡದು. ಪರೀಕ್ಷೆ ಎಂಬ ಮಾತನ್ನೂ ಆಡುವುದು ಬೇಡ. “ಎಲ್ಲಿಂದ ಶುರು ಮಾಡೋಣ ನೋಡೋಣ ಬನ್ನಿ” ಎಂದರೆ ಸಾಕು.

ಈಗ ಚೀಟಿಗಳಿಗೆ ಬರೋಣ. ಕನ್ನಡ ಓದಲು ಕಲಿಯುವವನು ಹತ್ತುವ ಮೆಟ್ಟಿಲುಗಳು ನಮ್ಮ ಲಿಪಿಯಲ್ಲೇ ಇವೆ. ಬಿಡಿ ಅಕ್ಷರ, ತಲೆಕಟ್ಟಿನ ಅಕ್ಷರಗಳಷ್ಟೇ ಇರುವ ಪದ, ಕಾಗುಣಿತದ ಪದ, ಒತ್ತಕ್ಷರದ ಪದ, ಕೊನೆಗೆ ವಾಕ್ಯಗಳು. ಮೆಟ್ಟಿಲಿಗೊಂದು ಚೀಟಿ.

ಒಂದನೆಯ ಚೀಟಿಯಲ್ಲಿ ಹತ್ತು ಬಿಡಿ ಅಕ್ಷರಗಳು. ಇವನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯಬೇಡಿ. ಚಿಕ್ಕಂದಿನಲ್ಲಿ ಕೇಳಿದ ಬಾಯಿಪಾಠವನ್ನೇ ಎಷ್ಟೋ ಜನ ಒಪ್ಪಿಸಿಬಿಡುತ್ತಾರೆ, ಅಕ್ಷರ ನೋಡುವುದೇ ಇಲ್ಲ. ಹಿಂದುಮುಂದಾಗಿ, ಒಂದನ್ನೊಂದು ಹೋಲುವ ಅಕ್ಷರಗಳು ಇರುವಂತೆ ಬರೆಯಿರಿ: ಸ, ಮ, ಕ, ವ, ನ, ತ, ಪ, ಹ, ರ, ಅ. ಮ, ವ, ಪ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಿದವನಿಗೆ ಅಕ್ಷರ ನಿಜವಾಗಿ ಕಾಣುತ್ತಿದೆ ಎಂದು ಅರ್ಥ. ಹತ್ತರಲ್ಲಿ ಎಂಟು ಹೇಳಿದರೆ ಈ ಮೆಟ್ಟಿಲು ದಾಟಿದ ಹಾಗೆ.

ಎರಡನೆಯ ಚೀಟಿಯಲ್ಲಿ ಐದು ಪದ: ಮರ, ದನ, ಬಡವ, ಹವಳ, ಸಡಗರ. ಇದರಲ್ಲಿ ಇಳಿ, ಗುಡಿಸು, ಕೊಂಬು ಯಾವುದೂ ಇಲ್ಲ. ಅಕ್ಷರ ಬಲ್ಲವನಿಗೆ ಅವನ್ನು ಕೂಡಿಸಿ ಒಂದು ಮಾತಾಗಿ ನುಡಿಯಲು ಬರುತ್ತದೆಯೇ ಎಂದು ಮಾತ್ರ ನೋಡುತ್ತೇವೆ. ಮೂರನೆಯದು ಕಾಗುಣಿತದ್ದು: ಕೂಲಿ, ಬಾಡಿಗೆ, ಕೋಣೆ, ಚೀಲ, ಸೌದೆ. ನಾಲ್ಕನೆಯದು ಒತ್ತಕ್ಷರದ್ದು: ಬತ್ತಿ, ಅನ್ನ, ಬೆಲ್ಲ, ರಾತ್ರಿ, ವ್ಯಾಪಾರ. ಈ ಐದನ್ನು ಸುಮ್ಮನೆ ಆರಿಸಿದ್ದಲ್ಲ. ಕ, ಗ, ಡ ಮೊದಲಾದವುಗಳ ಒತ್ತು ಮೂಲ ಅಕ್ಷರದಂತೆಯೇ ಇರುವುದರಿಂದ ಊಹಿಸಿ ಓದಬಹುದು. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಅವನ್ನು ಯಾರಾದರೂ ಕಲಿಸಿಯೇ ಇರಬೇಕು. ಆದ್ದರಿಂದ ಅವುಗಳನ್ನೇ ಕೇಳಿದರೆ ಕಲಿತವರು ಯಾರು ಎಂಬುದು ಸ್ಪಷ್ಟವಾಗುತ್ತದೆ.

ಐದನೆಯ ಚೀಟಿಯಲ್ಲಿ ನಾಲ್ಕು ವಾಕ್ಯ. ಇದನ್ನು ನಾವೇ ಬರೆಯಬೇಕು. ಪಠ್ಯಪುಸ್ತಕದಿಂದಾಗಲಿ ದೇವರ ಸ್ತೋತ್ರದಿಂದಾಗಲಿ ತೆಗೆದರೆ ಬಾಯಿಪಾಠ ಬಂದವರು ಇರುತ್ತಾರೆ. ಉದಾಹರಣೆಗೆ: “ನಾಳೆ ಸಂಜೆ ನಾಲ್ಕು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತದೆ. ಹಿಂದಿನ ಬೀದಿಯವರು ಮೊದಲು ಹಿಡಿಯಬೇಕು. ಮುಂದಿನ ಬೀದಿಯವರಿಗೆ ಐದು ಗಂಟೆಯ ಮೇಲೆ ಸಿಗುತ್ತದೆ. ನಾಡಿದ್ದು ನೀರು ಬರುವುದಿಲ್ಲ.” ಓದಿ ಮುಗಿಸಿದ ಮೇಲೆ ಚೀಟಿಯನ್ನು ಮಗುಚಿಟ್ಟು ಎರಡು ಪ್ರಶ್ನೆ ಕೇಳಿ. ಮುಂದಿನ ಬೀದಿಯವರು ಎಷ್ಟು ಹೊತ್ತಿಗೆ ಕೊಡ ತರಬೇಕು? ನಾಡಿದ್ದು ತಂದರೆ ನೀರು ಸಿಗುತ್ತದೆಯೇ? ಲೋಕಾನುಭವದಿಂದ ಉತ್ತರ ಹೇಳಲಾಗದ ಪ್ರಶ್ನೆಯೇ ಆಗಬೇಕು. “ನೀರನ್ನು ಏಕೆ ಕಾಯಿಸಿ ಕುಡಿಯಬೇಕು” ಎಂದು ಕೇಳಿದರೆ ಒಂದಕ್ಷರ ಓದದವನೂ ಸರಿಯಾಗಿ ಹೇಳುತ್ತಾನೆ. ಗಟ್ಟಿಯಾಗಿ ಓದಿ ಅರ್ಥ ಹೇಳಲಾರದವರೂ ಉಂಟು. ಅವರ ಶಕ್ತಿಯೆಲ್ಲ ಅಕ್ಷರ ಬಿಡಿಸುವುದರಲ್ಲೇ ಮುಗಿದಿರುತ್ತದೆ. ಅಂಥವರು ಐದನೆಯ ಮೆಟ್ಟಿಲು ದಾಟಿಲ್ಲ.

ಪದದ ಚೀಟಿಗಳಲ್ಲಿ ಐದರಲ್ಲಿ ನಾಲ್ಕು ಸರಿಯಾದರೆ ದಾಟಿದಂತೆ ಎಂದು ಇಟ್ಟುಕೊಳ್ಳೋಣ. ಈ ಲೆಕ್ಕ ಹೊಸದಲ್ಲ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಕ್ಕಳ ಓದನ್ನು ಅಳೆಯುವ ‘ಅಸರ್’ ಎಂಬ ಸಮೀಕ್ಷೆಯಲ್ಲಿ ಇದೇ ನಿಯಮವಿದೆ. ಒಂದು ತಪ್ಪು ಗಾಬರಿಯಿಂದಲೂ ಆಗಬಹುದು, ಅದನ್ನು ಬಿಟ್ಟುಕೊಡಬೇಕು. ಎರಡು ತಪ್ಪಾದರೆ ಆ ಪಾಠ ಇನ್ನೂ ಬೇಕು. ಆದರೆ ಅವರ ಚೀಟಿ ಮಕ್ಕಳಿಗಾಗಿ ಆದದ್ದು. ಎಷ್ಟು ಮಕ್ಕಳಿಗೆ ಓದು ಬರುತ್ತದೆ ಎಂದು ಅವರಿಗೆ ಗೊತ್ತಾದರೆ ಸಾಕು. ನಮಗೆ ನಾಳೆಯ ಪಾಠ ಗೊತ್ತಾಗಬೇಕು. ಆದ್ದರಿಂದಲೇ ನಾವು ಕಾಗುಣಿತವನ್ನೂ ಒತ್ತಕ್ಷರವನ್ನೂ ಬೇರೆ ಮಾಡಿ ಕೇಳುತ್ತೇವೆ.

ಎಲ್ಲಿಂದ ಆರಂಭಿಸಬೇಕು? ಒಂದನೆಯ ಚೀಟಿಯಿಂದಲ್ಲ, ಮೂರನೆಯದರಿಂದ. ಪತ್ರಿಕೆ ಓದುವವನ ಮುಂದೆ “ಇದು ಯಾವ ಅಕ್ಷರ” ಎಂದು ಹಿಡಿದರೆ ಅವನಿಗೆ ಅವಮಾನ. ಏನೂ ಬಾರದವಳ ಮುಂದೆ ವಾಕ್ಯ ಹಿಡಿದರೆ ಅವಳಿಗೆ ಹೆದರಿಕೆ. ನಡುವಿನ ಮೆಟ್ಟಿಲಿನಲ್ಲಿ ನಿಂತರೆ ಮೇಲಕ್ಕೂ ಹೋಗಬಹುದು, ಕೆಳಕ್ಕೂ ಇಳಿಯಬಹುದು. ಓದಿದರೆ ನಾಲ್ಕನೆಯದು, ಆಮೇಲೆ ಐದನೆಯದು. ಓದದಿದ್ದರೆ ಎರಡನೆಯದು, ಆಮೇಲೆ ಒಂದನೆಯದು. ಮೇಲೆ ಹೋಗುವಾಗ ಮೊದಲು ಎಡವಿದ ಕಡೆ ನಿಲ್ಲಿಸಿ. ಕೆಳಗೆ ಇಳಿಯುವಾಗ ಮೊದಲು ಸರಿಯಾದ ಕಡೆ ನಿಲ್ಲಿಸಿ, ಯಾರೂ ಸೋತ ಭಾವದಿಂದ ಎದ್ದುಹೋಗಬಾರದು. ಹೀಗೆ ಮಾಡಿದರೆ ಯಾರೂ ಮೂರಕ್ಕಿಂತ ಹೆಚ್ಚು ಚೀಟಿ ನೋಡಬೇಕಾಗಿಲ್ಲ. ಬರಹ, ಲೆಕ್ಕ ಸೇರಿ ಒಬ್ಬರಿಗೆ ಏಳೆಂಟು ನಿಮಿಷ. ಇಬ್ಬರು ಕೂತು ಕೇಳಿದರೆ ಹದಿನೆಂಟು ಜನರಿಗೆ ಎರಡು ಸಂಜೆ ಧಾರಾಳ. ಕೇಳುವ ಜಾಗ ಉಳಿದವರಿಗೆ ಕೇಳಿಸದಷ್ಟು ದೂರವಿರಲಿ. ಮುಂದಿನವನು ಪದಗಳನ್ನು ಕೇಳಿ ನೆನಪಿಟ್ಟುಕೊಂಡರೆ ಚೀಟಿ ಕೆಟ್ಟಿತು. ಇದಕ್ಕಾಗಿ ಇದೇ ಮಾದರಿಯ ಇನ್ನೊಂದು ಜೊತೆ ಚೀಟಿ ಬರೆದಿಟ್ಟುಕೊಂಡರೆ ಒಳ್ಳೆಯದು.

ಇನ್ನು ಮೋಸಹೋಗುವ ಕಡೆಗಳು. ಪೇಟೆಯಲ್ಲಿ ಬಾಳುವ ಮನುಷ್ಯ ಬೋರ್ಡುಗಳನ್ನು ಚಿತ್ರದಂತೆ ನೋಡಿ ಕಲಿತಿರುತ್ತಾನೆ. ಹೋಟೆಲು, ಔಷಧಿ ಅಂಗಡಿ, ಬಸ್ಸಿನ ಹಲಗೆ ಇವುಗಳನ್ನು ಥಟ್ಟನೆ ಹೇಳುತ್ತಾನೆ, ಆದರೆ ಅಕ್ಷರ ಓದಿ ಹೇಳಿದ್ದಲ್ಲ. ಇದನ್ನು ಕಂಡುಹಿಡಿಯಲು ‘ಹೋಟೆಲು’ ಎಂಬುದನ್ನು ‘ಹೋಳೆಲು’ ಎಂದು ಬರೆದು ತೋರಿಸಿ. ಹೋಟೆಲು ಎಂದೇ ಓದಿದರೆ ಅದು ಚಿತ್ರ. ಸಂಶಯ ಬಂದಾಗ ಅರ್ಥವಿಲ್ಲದ ಮೂರು ಪದ ಕೊಡಬಹುದು: ರಟವ, ಲೂಗಿ, ಮೇಪಡ. “ಇದಕ್ಕೆ ಅರ್ಥವಿಲ್ಲ, ಅಕ್ಷರ ಇದ್ದ ಹಾಗೆ ಹೇಳಿ” ಎಂದು ಮೊದಲೇ ತಿಳಿಸಿ. ಇಲ್ಲವಾದರೆ ಪಾಪ, ಅರ್ಥ ಹುಡುಕುತ್ತ ಕೂರುತ್ತಾರೆ.

ಸಹಿಯೂ ಹೀಗೆಯೇ. ಸಂಬಳದ ರಿಜಿಸ್ಟರಿನಲ್ಲಿ ಚೆನ್ನಾಗಿ ಸಹಿ ಹಾಕುವ ಎಷ್ಟೋ ಜನಕ್ಕೆ ಅದು ರಂಗೋಲಿ ಇದ್ದಂತೆ, ಕೈಗೆ ರೂಢಿಯಾದ ಗೆರೆ. ಬಸವರಾಜ ಎಂದು ಬರೆದವನಿಗೆ “ರಾಜ ಎಂದಷ್ಟೇ ಬರೆಯಿರಿ” ಎನ್ನಿ. ಕೈ ನಿಂತರೆ ಅವನಿಗೆ ಗೆರೆ ಗೊತ್ತು, ಅಕ್ಷರ ಗೊತ್ತಿಲ್ಲ. ಜನಗಣತಿಯ ಲೆಕ್ಕದಲ್ಲೂ ಸಹಿ ಮಾತ್ರ ಬಂದವನು ಅಕ್ಷರಸ್ಥನಲ್ಲ. ಏಳು ವರ್ಷ ಮೀರಿದವರು ಯಾವುದಾದರೊಂದು ಭಾಷೆಯಲ್ಲಿ ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲವರಾದರೆ ಮಾತ್ರ ಅಕ್ಷರಸ್ಥರು.

ಬರಹವನ್ನು ಓದಿನಿಂದ ಬೇರೆಯಾಗಿ ನೋಡಬೇಕು. ಹೆಸರು, ಎರಡು ಪದ, ಒಂದು ಸಣ್ಣ ವಾಕ್ಯ ಹೇಳಿ ಬರೆಸಿ. ಓದಬಲ್ಲವರಲ್ಲಿ ಬರೆಯಲಾರದವರು ಬಹಳ. ಹಾಗೆಯೇ ಲೆಕ್ಕ ಮತ್ತೂ ಬೇರೆ. ಅಂಗಡಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತರಕಾರಿ ಮಾರುವ ಹೆಂಗಸಿಗೆ “ಕಿಲೋಗೆ 42 ರೂಪಾಯಿ, ಮೂರು ಕಿಲೋ ಕೊಟ್ಟೆ, ಗಿರಾಕಿ 500 ಕೊಟ್ಟ, ಎಷ್ಟು ಹಿಂದಕ್ಕೆ?” ಎಂದರೆ ನಾವು ಪೆನ್ಸಿಲು ಹುಡುಕುವಷ್ಟರಲ್ಲಿ 374 ಎನ್ನುತ್ತಾಳೆ. ಅವಳಿಗೆ ಕೂಡುವುದು ಕಳೆಯುವುದು ಕಲಿಸಲು ಹೋದರೆ ನಮ್ಮ ಬುದ್ಧಿಯೇ ಕಡಿಮೆ ಎಂದುಕೊಳ್ಳುತ್ತಾಳೆ. ಅವಳಿಗೆ ಬೇಕಾದದ್ದು ಅದನ್ನು ಕಾಗದದ ಮೇಲೆ ಇಳಿಸುವುದು. “ಮುನ್ನೂರ ಐದು ಬರೆಯಿರಿ” ಎನ್ನಿ. 3005 ಎಂದು ಬರೆದರೆ ಬಿಡಿ, ಹತ್ತು, ನೂರರ ಸ್ಥಾನ ತಿಳಿದಿಲ್ಲ. ಮುನ್ನೂರು ಕೇಳಿಸಿತು, 300 ಬರೆದಳು. ಐದು ಕೇಳಿಸಿತು, 5 ಸೇರಿಸಿದಳು. ಮೊಬೈಲಿನಲ್ಲಿ ನಂಬರು ಒತ್ತುವವರಿಗೆ ಹತ್ತು ಅಂಕಿಗಳೂ ಗೊತ್ತಿರುತ್ತವೆ. ಅಷ್ಟಕ್ಕೆ ಸಂಖ್ಯೆ ಓದಲು ಬರುತ್ತದೆ ಎಂದು ತಿಳಿಯಬಾರದು. 1040 ಎಂಬುದನ್ನು ತೋರಿಸಿ, ಸಾವಿರದ ನಲವತ್ತು ಎನ್ನುತ್ತಾರೋ, ಒಂದು ಸೊನ್ನೆ ನಾಲ್ಕು ಸೊನ್ನೆ ಎನ್ನುತ್ತಾರೋ ಕೇಳಿ.

ನೋಟುಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು. ಅದರಲ್ಲಿ ಓದು, ಬರಹ, ಲೆಕ್ಕ ಎಂದು ಮೂರು ಮನೆ. ಈ ಮೂರನ್ನೂ ಕೂಡಿಸಿ ಒಂದು ಮೊತ್ತ ಮಾಡಬೇಡಿ. ಓದಿನಲ್ಲಿ ಸೊನ್ನೆ, ಲೆಕ್ಕದಲ್ಲಿ ಪೂರ್ತಿ ಇರುವವಳೂ, ಓದಿನಲ್ಲಿ ಅರ್ಧ, ಲೆಕ್ಕದಲ್ಲಿ ಅರ್ಧ ಇರುವವನೂ ಮೊತ್ತದಲ್ಲಿ ಒಂದೇ ಆಗಿಬಿಡುತ್ತಾರೆ. ಅವರಿಬ್ಬರಿಗೂ ಒಂದೇ ಪಾಠ ಹೊಂದುವುದೇ ಇಲ್ಲ.

ನಮ್ಮ ಹದಿನೆಂಟು ಜನರ ಓದಿನ ಮನೆ ಹೀಗೆ ಬಂತೆಂದು ಇಟ್ಟುಕೊಳ್ಳೋಣ. ಒಂದನೆಯ ಚೀಟಿಯನ್ನೂ ದಾಟದವರು ನಾಲ್ವರು. ಅಕ್ಷರ ಮಾತ್ರ ಬಂದವರು ಇಬ್ಬರು. ಎರಡನೆಯ ಚೀಟಿಗೆ ನಿಂತವರು ಐವರು, ಮೂರನೆಯದಕ್ಕೆ ನಿಂತವರು ಇಬ್ಬರು. ಒತ್ತಕ್ಷರ ಓದಿ ವಾಕ್ಯದಲ್ಲಿ ಎಡವಿದವನು ಒಬ್ಬ. ಎಲ್ಲವನ್ನೂ ಓದಿ ಅರ್ಥ ಹೇಳಿದವರು ನಾಲ್ವರು. ಐದು ಮೆಟ್ಟಿಲಿದೆ ಎಂದು ಐದು ಗುಂಪು ಮಾಡಿದರೆ ಇಬ್ಬರು ಶಿಕ್ಷಕರು ಏನು ಮಾಡಿಯಾರು? ಮೂರು ಗುಂಪು ಸಾಕು. ಅಕ್ಷರ ಬಾರದವರು ಮತ್ತು ಅಕ್ಷರ ಮಾತ್ರ ಬಂದವರು ಸೇರಿ ಆರು ಜನ ಒಂದು ಕಡೆ. ಕಾಗುಣಿತ, ಒತ್ತಕ್ಷರ ಬೇಕಾದ ಏಳು ಜನ ಒಂದು ಕಡೆ. ಓದುವ ಐವರು ಒಂದು ಕಡೆ. ಮೊದಲ ಗುಂಪಿಗೆ ಒಬ್ಬ ಶಿಕ್ಷಕ ಪೂರ್ತಿ ಹೊತ್ತು ಬೇಕು. ಉಳಿದ ಎರಡಕ್ಕೆ ಇನ್ನೊಬ್ಬರು ಸಾಕು, ಏಕೆಂದರೆ ಓದುವ ಐವರು ಅರ್ಧ ಗಂಟೆ ಪತ್ರಿಕೆ ಇಟ್ಟುಕೊಂಡು ತಾವೇ ಕೆಲಸ ಮಾಡಬಲ್ಲರು.

ಆದರೆ ಚೀಟಿ ಹೇಳಿದ್ದೇ ಕೊನೆಯ ಮಾತಲ್ಲ. ಎರಡನೆಯ ಚೀಟಿಗೆ ನಿಂತ ಐವರಲ್ಲಿ ಒಬ್ಬರು ಐವತ್ತು ದಾಟಿದ ಕೆಲಸಗಾರರು, ಚೀಟಿಯನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದಾರೆ ಎನ್ನಿ. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂದವಾಗುವುದು ಸಹಜ. ಮೊದಲು ಕಾಣದಾಗುವುದು ಗುಡಿಸು, ಕೊಂಬು, ಒತ್ತುಗಳೆಂಬ ಸಣ್ಣ ಗೆರೆಗಳೇ. ಅವರಿಗೆ ಅದೇ ಪದಗಳನ್ನು ಕರಿಹಲಗೆಯ ಮೇಲೆ ಗೇಣುದ್ದ ಬರೆದು ತೋರಿಸಿ. ನಾಲ್ಕನೆಯ ಚೀಟಿಯ ಪದಗಳನ್ನೂ ಓದಿದರೆ ಅವರಿಗೆ ಬೇಕಾದದ್ದು ಕಾಗುಣಿತವಲ್ಲ, ಕನ್ನಡಕ. ಅವರು ಮೂರನೆಯ ಗುಂಪಿನವರು. ಅಕ್ಷರವೇ ಬಾರದವರೆಂದು ಬರೆದ ನಾಲ್ವರಲ್ಲಿ ಒಬ್ಬಾಕೆ ಹತ್ತರಲ್ಲಿ ಏಳು ಹೇಳಿ ಕ, ತ, ಹ ಇವುಗಳಲ್ಲೇ ನಿಂತಳೆನ್ನಿ. ಮನೆಮಾತು ಯಾವುದೆಂದು ಕೇಳಿ. ತೆಲುಗು ಓದಬಲ್ಲವಳಾಗಿರಬಹುದು. ಎರಡು ಲಿಪಿಗಳೂ ಒಡಹುಟ್ಟುಗಳು, ಕೆಲವು ಅಕ್ಷರಗಳ ರೂಪ ಮಾತ್ರ ಬೇರೆ. ಓದುವುದೆಂದರೇನು ಎಂದು ಅವಳಿಗಾಗಲೇ ಗೊತ್ತು. ಅವಳನ್ನು ಅಕಾರದ ಗುಂಪಿನಲ್ಲಿ ಕೂರಿಸುವುದು ಅನ್ಯಾಯ, ಎರಡನೆಯದರಲ್ಲಿ ಕೂರಲಿ. ಮರಾಠಿ, ಉರ್ದು, ತಮಿಳು ಓದುವವರ ಮಾತೂ ಇದೇ, ಹೊಸ ಅಕ್ಷರ ಕಲಿಯಲು ಸ್ವಲ್ಪ ಹೆಚ್ಚು ದಿನ ಬೇಕು ಅಷ್ಟೆ. ಹೀಗೆ ಇಬ್ಬರನ್ನು ಸರಿಸಿದ ಮೇಲೆ ಗುಂಪುಗಳು ಐದು, ಏಳು, ಆರು ಆದವು.

ಎರಡು ಗುಂಪಿನ ನಡುವೆ ಬಿದ್ದವರನ್ನು ಏನು ಮಾಡುವುದು? ಅವರನ್ನೇ ಕೇಳಿ. “ಇಲ್ಲಿ ಎರಡು ವಾರ ಕೂತು ನೋಡಿ, ಹೊಂದದಿದ್ದರೆ ಬದಲಾಯಿಸೋಣ” ಎಂದು ಮೊದಲ ದಿನವೇ ಎಲ್ಲರಿಗೂ ಹೇಳಿಬಿಟ್ಟರೆ, ಆಮೇಲೆ ಸರಿಸುವಾಗ ಯಾರಿಗೂ ಹಿಂದೆ ಬಿದ್ದ ಭಾವ ಬರುವುದಿಲ್ಲ. ಗುಂಪುಗಳಿಗೆ ಒಂದನೆಯದು, ಎರಡನೆಯದು ಎಂದು ಹೆಸರಿಡಬೇಡಿ. ಕಿಟಕಿಯ ಸಾಲು, ಬಾಗಿಲ ಸಾಲು, ಹಲಗೆಯ ಸಾಲು ಎನ್ನಿ. ಗಿರಣಿಯಲ್ಲಿ ಮೇಸ್ತ್ರಿಯಾಗಿರುವವರು ಅಕ್ಷರದ ಗುಂಪಿಗೂ, ಅವರ ಕೈಕೆಳಗಿನ ಹುಡುಗ ಓದುವ ಗುಂಪಿಗೂ ಬರಬಹುದು. ಸಾಲಿನ ಹೆಸರಿನಲ್ಲೇ ಮೇಲು ಕೀಳು ಕಂಡರೆ ಆ ಮೇಸ್ತ್ರಿ ನಾಳೆ ಬರುವುದಿಲ್ಲ.

ಎರಡು ವಾರದಲ್ಲಿ ಏನು ಗಮನಿಸಬೇಕು? ಎಲ್ಲರೂ ಒಟ್ಟಿಗೆ ಓದುವಾಗ ಒಬ್ಬನ ತುಟಿ ಪಕ್ಕದವನಿಗಿಂತ ಒಂದು ಗಳಿಗೆ ಹಿಂದೆ ಅಲುಗುತ್ತಿದ್ದರೆ ಅವನು ಓದುತ್ತಿಲ್ಲ, ಕೇಳಿ ಹೇಳುತ್ತಿದ್ದಾನೆ. ಅವನ ಬೆರಳು ಯಾವ ಪದದ ಮೇಲಿದೆ ನೋಡಿ, ಬಾಯಿ ಬೇರೆ ಕಡೆ ಇರುತ್ತದೆ. ಅವನಿಗೆ ಗುಂಪು ಎತ್ತರವಾಯಿತು. ಬರೆಯಲು ಕೊಟ್ಟದ್ದನ್ನು ಮೊದಲೇ ಮುಗಿಸಿ ಕಿಟಕಿ ನೋಡುವವನಿಗೆ ತಗ್ಗಾಯಿತು. ಇವರಿಬ್ಬರಲ್ಲಿ ಮೊದಲನೆಯವನನ್ನು ಬೇಗ ನೋಡಿಕೊಳ್ಳಬೇಕು. ಬೇಸರವಾದವನು ಬಾಯಿಬಿಟ್ಟು ಹೇಳಿಯಾನು, ತಿಳಿಯದವನು ಹೇಳುವುದಿಲ್ಲ.

ಚೀಟಿಗಳನ್ನೂ ಪರೀಕ್ಷಿಸಬೇಕಾಗುತ್ತದೆ. ಒಂದು ಚೀಟಿಯನ್ನು ಹದಿನೆಂಟು ಜನರೂ ಓದಿದರೆ ಅಥವಾ ಒಬ್ಬರೂ ಓದದಿದ್ದರೆ ಅದರಿಂದ ಏನೂ ತಿಳಿಯಲಿಲ್ಲ, ಬದಲಾಯಿಸಿ. ನಾಲ್ಕನೆಯದನ್ನು ಓದಿದವರು ಮೂರನೆಯದರಲ್ಲಿ ಒಂದೇ ಪದಕ್ಕೆ ಮೇಲಿಂದ ಮೇಲೆ ತಪ್ಪಿದರೆ ದೋಷ ಆ ಪದದ್ದು. ಸೌದೆ ಎಂಬುದನ್ನು ಕಟ್ಟಿಗೆ ಎನ್ನುವ ಕಡೆಯವರಿಗೆ ಆ ಮಾತೇ ಅಪರಿಚಿತ, ತೆಗೆದುಹಾಕಿ. ಕೇಳುವ ಇಬ್ಬರೂ ಒಂದೇ ಅಳತೆಯಲ್ಲಿ ಕೇಳುತ್ತಿದ್ದಾರೆಯೇ ಎಂದು ತಿಳಿಯಲು, ಮೊದಲ ಮೂವರನ್ನು ಇಬ್ಬರೂ ಒಟ್ಟಿಗೆ ಕೂತು ಕೇಳಿ, ಬೇರೆ ಬೇರೆ ಗುರುತು ಹಾಕಿ, ಆಮೇಲೆ ಹೋಲಿಸಿ ನೋಡಲಿ. ಒಬ್ಬರು ತಡವರಿಸಿದ್ದನ್ನು ತಪ್ಪೆಂದು, ಇನ್ನೊಬ್ಬರು ಸರಿಯೆಂದು ಬರೆದಿರುತ್ತಾರೆ. ತಾನೇ ತಿದ್ದಿಕೊಂಡರೆ ಸರಿ ಎಂದು ಇಬ್ಬರೂ ಒಪ್ಪಿಕೊಳ್ಳಲಿ.

ಈ ಚೀಟಿಗಳಿಂದ ತಿಳಿಯದ ಸಂಗತಿಯೂ ಉಂಟು. ಒಬ್ಬ ಎಲ್ಲಿ ನಿಂತಿದ್ದಾನೆ ಎಂದು ತಿಳಿಯುತ್ತದೆ, ಎಷ್ಟು ಬೇಗ ನಡೆಯುತ್ತಾನೆ ಎಂದು ತಿಳಿಯುವುದಿಲ್ಲ. ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ಲದೆ ಬಂದವನು ತನ್ನ ಶಕ್ತಿಗಿಂತ ಕಡಿಮೆ ಓದುತ್ತಾನೆ. ಅಂಥವರ ಸಾಲಿನ ಪಕ್ಕದಲ್ಲಿ ಯಾವ ಪಾಳಿ ಎಂದು ಬರೆದಿಡಿ, ಪಾಳಿ ಬದಲಾದ ವಾರ ಇನ್ನೊಂದು ಜೊತೆಯ ಚೀಟಿಯಿಂದ ಮತ್ತೊಮ್ಮೆ ಕೇಳಿ.

ಈಗ ಕೆಲಸ ಹಂಚಿಕೊಳ್ಳೋಣ. ಅಕ್ಷರ ದುಂಡಾಗಿ ಬರೆಯುವವರು ಇಬ್ಬರು ಎರಡು ಜೊತೆ ಚೀಟಿ ಬರೆಯಲಿ. ಅಕ್ಷರ ಬೆರಳಿನ ಅಗಲದಷ್ಟಿರಲಿ, ಮಸಿ ಕಪ್ಪಾಗಿರಲಿ. ಅಂಗಡಿಯವರು ಹಳೆಯ ಪೆಟ್ಟಿಗೆಯ ರಟ್ಟು ಕೊಡಲಿ. ಒಬ್ಬೊಬ್ಬರನ್ನು ಕೇಳುತ್ತಿರುವಾಗ ಕಾಯುವ ಉಳಿದವರಿಗೆ ಪತ್ರಿಕೆ ಓದಿ ಹೇಳಲು ಒಬ್ಬರು ಬೇಕು. ಕಾಯುತ್ತಿರುವವರು ಸುಮ್ಮನೆ ಕೂತು ಹೆದರುವುದಕ್ಕಿಂತ ನಾಲ್ಕು ಸುದ್ದಿ ಕೇಳಿ ನಾಲ್ಕು ಮಾತಾಡಲಿ. ಈ ಕೆಲಸಕ್ಕೆ ಯಾರು ಬರುತ್ತೀರಿ, ಹೆಸರು ಹೇಳಿ.